ಕಾಕಾ ಅವರಿಗೆ 25 ವರ್ಷ: ಮೂರು ಸಲ ಬರೆದ ಒಂದು ಪತ್ರದ ಪ್ರಕರಣ

ನಮ್ಮದು ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆ ಹತ್ತಿರದ ಒಂದು ಆಡಿಟರ್ ಆಫೀಸು. ಪಾಲುದಾರರು ಇಬ್ಬರು, ಸಿಬ್ಬಂದಿ 14 ಜನ. ಸಂಬಳ, ರಜೆ, ಕರೆಂಟ್ ಬಿಲ್ಲು, ಜಗಳ ಎಲ್ಲ ನೋಡಿಕೊಳ್ಳುವುದು ನಾನು. ಯಾರದ್ದಾದರೂ ಹುಟ್ಟುಹಬ್ಬ ಬಂದರೆ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಸಾಲು ಬರೆಯುವ ಕೆಲಸವೂ ನನ್ನದೇ.

2025ರ ಜೂನ್ ಮೊದಲ ವಾರ ದೊಡ್ಡ ಸಾಹೇಬರು ಕರೆದು ಹೇಳಿದರು: "12ನೇ ತಾರೀಖಿಗೆ ಕಾಕಾ ಆಫೀಸಿಗೆ ಸೇರಿ 25 ವರ್ಷ ತುಂಬತಾವ. ಒಂದು ಛಲೋ ಪತ್ರ ಬರೀರಿ. ಗುಂಪಿನಾಗೂ ಹಾಕೋಣು, ಫ್ರೇಮ್ ಹಾಕಿಸಿ ಕೈಯಾಗೂ ಕೊಡೋಣು."

ಕಾಕಾ ಎಂದರೆ ನಮ್ಮ ಆಫೀಸಿನ ಸಹಾಯಕರು. ಬೆಳಗ್ಗೆ ಬಾಗಿಲು ತೆಗೆಯುವವರು, ಬ್ಯಾಂಕು-ಅಂಚೆ ಕಚೇರಿ ಸುತ್ತುವವರು, ರೆಕಾರ್ಡ್ ರೂಮು ನೋಡಿಕೊಳ್ಳುವವರು, ಚಹಾ ಮಾಡುವವರು. ವಯಸ್ಸು 52. ಈ ವಿಷಯ ಬರೆಯುತ್ತೇನೆ ಎಂದು ಕೇಳಿದಾಗ "ಬರೀರಿ, ಹೆಸರು ಹಾಕಬ್ಯಾಡ್ರಿ" ಎಂದರು. ಹಾಗಾಗಿ ಇಲ್ಲಿ ಅವರು ಕಾಕಾ ಮಾತ್ರ.

ಪತ್ರಕ್ಕೆ ನಾನು ತೆಗೆದುಕೊಂಡಿದ್ದು ಹತ್ತು ನಿಮಿಷ. ಆ ಮೊದಲ ಕರಡು ಹೀಗಿತ್ತು. ಓದಿ ನೋಡಿ, ಮೇಲ್ನೋಟಕ್ಕೆ ತಪ್ಪೇನೂ ಕಾಣುವುದಿಲ್ಲ:

"ನಮ್ಮೆಲ್ಲರ ಪ್ರೀತಿಯ ಕಾಕಾ ಇಂದು ನಮ್ಮ ಕುಟುಂಬದಲ್ಲಿ 25 ವರ್ಷ ಪೂರೈಸಿದ್ದಾರೆ. ಸದಾ ನಗುಮೊಗ, ಯಾವ ಕೆಲಸಕ್ಕೂ ಇಲ್ಲ ಎನ್ನದ ಗುಣ, ನಿಷ್ಠೆ, ಪ್ರಾಮಾಣಿಕತೆ. ಕೆಲಸ ಚಿಕ್ಕದಾದರೂ ಅವರ ಮನಸ್ಸು ದೊಡ್ಡದು. ಅವರ ಕೈಯ ಚಹಾ ಇಲ್ಲದೆ ನಮ್ಮ ದಿನ ಶುರುವಾಗುವುದಿಲ್ಲ. ಕಾಕಾ ನಮ್ಮ ಆಫೀಸಿನ ಬೆನ್ನೆಲುಬು. ಅವರು ಹೀಗೆಯೇ ನಮ್ಮ ಸೇವೆ ಮಾಡುತ್ತಿರಲಿ ಎಂದು ಹಾರೈಸುತ್ತೇವೆ."

ನನಗೆ ಇಷ್ಟವೇ ಆಯಿತು. ಅಕ್ಷರ ತಪ್ಪಿದ್ದರೆ ನೋಡು ಎಂದು ಆರ್ಟಿಕಲ್‌ಶಿಪ್ ಮಾಡುತ್ತಾ ಆಡಿಟರ್ ಕೆಲಸ ಕಲಿಯುತ್ತಿರುವ ಧಾರವಾಡದ ಹುಡುಗಿಗೆ ಕೊಟ್ಟೆ. ಅವಳು ಓದಿ, ಸ್ವಲ್ಪ ತಡೆದು ಕೇಳಿದಳು: "ಮೇಡಂ, ಡಿಸೆಂಬರ್‌ನಾಗ ದೊಡ್ಡ ಸಾಹೇಬ್ರಿಗೆ 30 ವರ್ಷ ಆದಾಗ ಅವರಿಗೂ ಪ್ರಾಮಾಣಿಕ ಅಂತ ಬರದಿದ್ವೇನ್ರಿ?"

ಆ ಹಳೆಯ ಪತ್ರ ನನ್ನ ಕಂಪ್ಯೂಟರಿನಲ್ಲೇ ಇತ್ತು. ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟೆ. ಸಾಹೇಬರ ಪತ್ರದಲ್ಲಿ ಇದ್ದದ್ದೆಲ್ಲ ಕೆಲಸ. ಯಾವ ವರ್ಷ ಆಫೀಸು ಶುರು ಮಾಡಿದರು, ವ್ಯಾಟ್ ಬಂದಾಗ ವ್ಯಾಪಾರಿಗಳಿಗೆ ಹೇಗೆ ತರಗತಿ ತೆಗೆದುಕೊಂಡರು, 2017ರಲ್ಲಿ ಜಿಎಸ್‌ಟಿ ಬಂದಾಗ ಎಷ್ಟು ಗಿರಾಕಿಗಳನ್ನು ಹೊಸ ಪದ್ಧತಿಗೆ ದಾಟಿಸಿದರು. ಅವರ ನಗುವಿನ ಬಗ್ಗೆ ಒಂದು ಮಾತಿಲ್ಲ. ನಿಷ್ಠೆ ಇಲ್ಲ, ಪ್ರಾಮಾಣಿಕತೆ ಇಲ್ಲ. ಕಾಕಾ ಅವರ ಪತ್ರದಲ್ಲಿ ಇದ್ದದ್ದೆಲ್ಲ ಗುಣ. 25 ವರ್ಷ ಅವರು ಏನು ಮಾಡಿದರು ಎಂಬುದು ಚಹಾ ಬಿಟ್ಟರೆ ಒಂದಕ್ಷರವೂ ಇಲ್ಲ. ಆ ಚಹಾ ಕೂಡ ನಮ್ಮ ದಿನದ ಲೆಕ್ಕದಲ್ಲಿ ಬಂದಿದೆ, ಅವರ ದಿನದ ಲೆಕ್ಕದಲ್ಲಿ ಅಲ್ಲ.

ಆಮೇಲೆ ಒಂದೊಂದೇ ಮಾತು ಹಿಡಿದು ನೋಡುತ್ತಾ ಹೋದೆವು.

"ಪ್ರಾಮಾಣಿಕ" ಎನ್ನುವುದು ಹೊಗಳಿಕೆಯೇ. ಆದರೆ ಆಡಿಟರಿಗೆ ಅದನ್ನು ಯಾರೂ ಬರೆಯುವುದಿಲ್ಲ. ಆತ ಕದಿಯುವುದಿಲ್ಲ ಎಂಬುದು ಮೊದಲೇ ಒಪ್ಪಿಕೊಂಡ ಮಾತು. ಸಹಾಯಕರಿಗೆ ಬರೆದಾಗ ಅದರ ಹಿಂದೆ "ಕದಿಯಬಹುದಿತ್ತು, ಕದಿಯಲಿಲ್ಲ" ಎಂಬ ದನಿ ಬರುತ್ತದೆ. ಬ್ಯಾಂಕಿಗೆ ಹಣ ಒಯ್ಯುವವರಿಗೆ ಅದು ಇನ್ನೂ ಚುಚ್ಚುತ್ತದೆ.

"ಯಾವ ಕೆಲಸಕ್ಕೂ ಇಲ್ಲ ಎನ್ನದ" ಎಂಬುದು ನಿಜವೂ ಅಲ್ಲ. ಕಾಕಾ ಎಷ್ಟೋ ಸಲ ಇಲ್ಲ ಅಂದಿದ್ದಾರೆ. ನನಗೇ ಅಂದಿದ್ದಾರೆ. ಇಲ್ಲ ಎನ್ನದಿರುವುದನ್ನು ಹೊಗಳಿದರೆ ಮುಂದೆಯೂ ಅನ್ನಬೇಡ ಎಂದು ಹೇಳಿದಂತೆ.

"ಕೆಲಸ ಚಿಕ್ಕದಾದರೂ" ಎಂಬುದನ್ನು ವಿವರಿಸುವುದೇ ಬೇಡ. ಕೈ ತಪ್ಪಿ ಬರೆದೆ ಎಂದೂ ಹೇಳಲಾರೆ. ಅದು ನನ್ನ ತಲೆಯಲ್ಲಿ ಇತ್ತು, ಬಂತು.

"ನಮ್ಮ ಸೇವೆ ಮಾಡುತ್ತಿರಲಿ" ಎಂಬಲ್ಲಿ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಸೇವಾವಧಿ, ಸೇವಾ ಹಿರಿತನ ಅಂದರೆ ಕಚೇರಿಯ ಮಾತು, ಎಲ್ಲರಿಗೂ ಒಂದೇ. "ನಮ್ಮ" ಎಂಬ ಒಂದು ಪದ ಹಿಂದೆ ಬಂದ ಕೂಡಲೇ ಅದು ಜೀತದ ಮಾತಾಗಿಬಿಟ್ಟಿತ್ತು.

"ಕುಟುಂಬ"ದ ಬಗ್ಗೆ ನಮ್ಮಿಬ್ಬರಿಗೂ ಸ್ವಲ್ಪ ವಾದವೇ ಆಯಿತು. ಅದು ಪ್ರೀತಿಯ ಮಾತಲ್ವಾ ಎಂದು ನಾನು. ಅವಳು ಬೇರೇನೂ ಹೇಳಲಿಲ್ಲ, ಸಾಹೇಬರ ಪತ್ರದಲ್ಲಿ ಆ ಪದ ಹುಡುಕಿ ಎಂದಳು. ಇರಲಿಲ್ಲ.

ಇಷ್ಟಾದ ಮೇಲೆ ನಾನು ಎರಡನೇ ಕರಡು ಬರೆದೆ. ಅದು ಮೊದಲಿನದಕ್ಕಿಂತ ಕೆಟ್ಟದಾಗಿತ್ತು. ಕೀಳು ಮಾಡಿದೆ ಎಂಬ ಅಳುಕಿಗೆ ಈ ಸಲ ಏಣಿ ಹಾಕಿ ಮೇಲಕ್ಕೆ ಏರಿಸಿದ್ದೆ. "ದಾಖಲೆ ನಿರ್ವಹಣೆಯ ತಜ್ಞರು", "ಆಡಳಿತ ವಿಭಾಗದ ಆಧಾರಸ್ತಂಭ", "ಅಪ್ರತಿಮ ಕೊಡುಗೆ". ನಮ್ಮಲ್ಲಿ ಆಡಳಿತ ವಿಭಾಗ ಎಂದರೆ ನಾನೊಬ್ಬಳೇ! ಅದನ್ನು ಗುಟ್ಟಾಗಿ ಕಾಕಾ ಅವರಿಗೇ ತೋರಿಸಿದೆ. ಹಾಳೆಯನ್ನು ದೂರ ಹಿಡಿದು ಓದಿದರು. ಅವರು ಎಂಟನೇ ತರಗತಿವರೆಗೆ ಓದಿದವರು, ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆ ಪುಟದವರೆಗೆ ಓದುವವರು.

"ಅಕ್ಕಾರ, ಇದು ನಾ ಅಲ್ರಿ" ಎಂದರು. "ಯಾರರ ಓದಿದ್ರ ನಗ್ತಾರ. ನನ್ನ ನೋಡಿ ನಕ್ಕಂಗ ಆಗತೈತಿ."

ನಾನು ಮೊದಲನೆಯದನ್ನೂ ತೋರಿಸಿದೆ. ಧೈರ್ಯ ಬೇಕಾಯಿತು. ಅದರಲ್ಲಿ ಅವರಿಗೆ ತಕರಾರು ಇದ್ದದ್ದು ನಾನು ಎಣಿಸದ ಜಾಗದಲ್ಲಿ. "ಸದಾ ನಗುಮೊಗ ಅಂತೀರಲ್ರಿ, ನಾ ಯಾವಾಗ ನಕ್ಕೊಂತ ಅಡ್ಡಾಡೇನ್ರಿ? ಜುಲೈ ತಿಂಗಳದಾಗ ನನ್ನ ಮಾರಿ ನೋಡೀರೇನು?" ಹೌದು. ಕಾಕಾ ಗಂಭೀರ ಮನುಷ್ಯ. ಕಡತ ಹರಡಿ ಹೋದವರ ಮೇಲೆ ಸಿಡುಕುವವರು. ಸಹಾಯಕರ ಪತ್ರ ಎಂದರೆ ನಗುಮೊಗ ಇರಬೇಕು ಎಂದು ನಾನೇ ತುರುಕಿದ್ದು.

ಹಾಗಾದರೆ ಏನು ಬರೆಯಬೇಕು? "ನೀವೇ ಹೇಳಿ ಕಾಕಾ" ಎಂದೆ. ಅದೂ ತಪ್ಪು. ತನ್ನ ಹೊಗಳಿಕೆ ತಾನೇ ಹೇಳು ಎಂದರೆ ಯಾರು ಹೇಳುತ್ತಾರೆ? "ಏನೈತ್ರಿ, ಬಂದೆ, ಹ್ವಾದೆ" ಎಂದು ಎದ್ದು ಹೋದರು.

ಮೂರನೇ ಸಲ ಕುಳಿತಾಗ ಮೊದಲು ಬರೆಯಲಿಲ್ಲ, ಹುಡುಕಿದೆ. ಎರಡು ಕಡೆ ಹುಡುಕಿದೆ. ಎರಡೂ ಕಡೆ ಕೈತುಂಬ ಸಿಕ್ಕಿತು.

ಮೊದಲನೆಯದು ಜಾವಕ ವಹಿ. ಆಫೀಸಿಗೆ ಬಂದ ಕಾಗದ ಆವಕದಲ್ಲಿ, ಹೊರಗೆ ಹೋದ ಕಾಗದ ಜಾವಕದಲ್ಲಿ ಬರೆಯುತ್ತೇವೆ. ಜಾವಕ ಬರೆಯುವವರು ಕಾಕಾ. ದಪ್ಪ ಕೆಂಪು ರಟ್ಟಿನ ಆ ಪುಸ್ತಕಗಳನ್ನು ರೆಕಾರ್ಡ್ ರೂಮಿನಿಂದ ತರಿಸಿಕೊಂಡೆ, ಏಕೆ ಎಂದು ಹೇಳಲಿಲ್ಲ. ಹಳೆಯ ಪುಟಗಳಲ್ಲಿ ಬರೀ ಆದಾಯ ತೆರಿಗೆ ಕಚೇರಿ. ಆಗ ವರ್ಷದ ಆದಾಯದ ಲೆಕ್ಕ ಒಪ್ಪಿಸುವ ರಿಟರ್ನ್ ಎಲ್ಲ ಕಾಗದದಲ್ಲಿ. ಸರಳ್ ಫಾರ್ಮು ತುಂಬಿ, ಕೌಂಟರಿನಲ್ಲಿ ಸಾಲು ನಿಂತು, ಸ್ವೀಕೃತಿಯ ಮೇಲೆ ಮೊಹರು ಹಾಕಿಸಿಕೊಂಡು ಬರಬೇಕಿತ್ತು. ರಿಟರ್ನ್ ಕೊಡುವ ಕೊನೆಯ ದಿನವಾದ ಜುಲೈ 31ರ ಪುಟ ಪ್ರತಿ ವರ್ಷ ಎರಡು ಮೂರು ಪುಟ ಆಗಿರುತ್ತಿತ್ತು. ನಡುವೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದುಕೊಂಡ ತೆರಿಗೆಯ ಲೆಕ್ಕದ ಫ್ಲಾಪಿಗಳ ಕಾಲ. ಫ್ಲಾಪಿಯ ಜೊತೆ ಸಹಿ ಹಾಕಿದ 27ಎ ಫಾರ್ಮು ಕೊಡಬೇಕಿತ್ತು. ಕಾಕಾ ಪ್ರತಿ ಸಲ "ಫ್ಲಾಪಿ 2" ಎಂದು ಬರೆದಿದ್ದಾರೆ. ಒಂದು ಕೆಟ್ಟರೆ ಮತ್ತೊಂದು ಇರಲಿ ಎಂದು ಎರಡು ಒಯ್ಯುತ್ತಿದ್ದರಂತೆ.

ನನ್ನನ್ನು ನಿಲ್ಲಿಸಿದ್ದು 2012ರ ವಹಿ. ಆ ಹೊತ್ತಿಗೆ ರಿಟರ್ನ್ ಆನ್‌ಲೈನ್ ಆಗಿತ್ತು. ಆದರೆ ಡಿಜಿಟಲ್ ಸಹಿ ಇಲ್ಲದವರು ಐಟಿಆರ್-ವಿ ಎಂಬ ಒಂದು ಹಾಳೆಗೆ ಪೆನ್ನಿನಲ್ಲಿ ಸಹಿ ಹಾಕಿ, ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಅಂಚೆ ಕಚೇರಿಯ ಪೋಸ್ಟ್ ಬ್ಯಾಗ್ ನಂಬರ್ 1ಕ್ಕೆ ಅಂಚೆಯಲ್ಲಿ ಕಳಿಸಬೇಕಿತ್ತು. ಅದಕ್ಕೆ 120 ದಿನದ ಗಡುವು. ಹಾಳೆ ಮುಟ್ಟದಿದ್ದರೆ ಅಥವಾ ಸಹಿ ಇಲ್ಲದೆ ಹೋದರೆ ರಿಟರ್ನ್ ಸಲ್ಲಿಸಿಯೇ ಇಲ್ಲ ಎಂದು ಲೆಕ್ಕ. ಹಾಳೆಯ ಮೇಲೆ ಬಾರ್‌ಕೋಡ್ ಇರುತ್ತದೆ, ಅದರ ಮೇಲೆ ಸಹಿ ಬೀಳಬಾರದು. ಸ್ಟೇಪ್ಲರ್ ಪಿನ್ನು ಹಾಕಲೇಬಾರದು.

ಆ ವರ್ಷದ ವಹಿಯ ಅಂಚಿನಲ್ಲಿ ಅಲ್ಲಲ್ಲಿ ಎರಡು ಪದ: "ಸಹಿ ಇಲ್ಲ." ಎದುರಿಗೆ ಬಾಣದ ಗುರುತು, ಆಮೇಲೆ ಬೇರೆ ತಾರೀಖು. ಎಣಿಸಿದೆ. ಒಂದೇ ಸೀಸನ್ನಿನಲ್ಲಿ 41 ಕಡೆ ಇತ್ತು. ಅಂದರೆ ಕಾಕಾ ಲಕೋಟೆ ಅಂಟಿಸುವ ಮುಂಚೆ ಪ್ರತಿ ಹಾಳೆ ನೋಡಿದ್ದಾರೆ, ಸಹಿ ಇಲ್ಲದ್ದನ್ನು ಬೇರೆ ಇಟ್ಟಿದ್ದಾರೆ, ಗಿರಾಕಿಯ ಅಂಗಡಿಗೆ ಹೋಗಿ ಸಹಿ ಹಾಕಿಸಿಕೊಂಡು ಬಂದು ಮತ್ತೆ ಕಳಿಸಿದ್ದಾರೆ. ಹೀಗೆ ಮಾಡು ಎಂದು ಅವರಿಗೆ ಹೇಳಿದವರು ಯಾರು ಎಂದು ವಿಚಾರಿಸಿದೆ. ಯಾರೂ ಇಲ್ಲ. ಮೊದಲ ವರ್ಷ ಒಬ್ಬರದ್ದು ತಿರಸ್ಕಾರ ಆಗಿ, ಅವರು ಆಫೀಸಿಗೆ ಬಂದು ಕೂಗಾಡಿ ಹೋಗಿದ್ದರಂತೆ. ಮರುದಿನದಿಂದ ಕಾಕಾ ನೋಡಲು ಶುರು ಮಾಡಿದರು. ನಾನು ಈ ಆಫೀಸಿಗೆ ಬಂದು 9 ವರ್ಷ. ಇದು ನನಗೆ ಗೊತ್ತೇ ಇರಲಿಲ್ಲ.

ಎರಡನೆಯದು, ಹಳಬರಲ್ಲಿ ಮೂರು ಜನರಿಗೆ ಒಂದೇ ಪ್ರಶ್ನೆ ಕೇಳಿದೆ. "ಕಾಕಾ ಬಗ್ಗೆ ಏನಾದರೂ ಹೇಳಿ" ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಮತ್ತೆ ಬಂಗಾರದಂಥ ಮನುಷ್ಯ, ದೇವರಂಥ ಮನುಷ್ಯ ಎಂದೇ ಬರುತ್ತದೆ. "ಕಾಕಾ ರಜೆ ಹಾಕಿದಾಗ ಏನು ನಿಂತಿತ್ತು?" ಎಂದು ಕೇಳಿದೆ.

ಹಿರಿಯ ಅಕೌಂಟೆಂಟ್ ತಕ್ಷಣ ಹೇಳಿದರು. 2018ರ ಮಾರ್ಚ್‌ನಲ್ಲಿ ಕಾಕಾ ಮನೆಯ ಕಾರ್ಯಕ್ಕೆ 9 ದಿನ ಊರಿಗೆ ಹೋಗಿದ್ದರು. ಒಬ್ಬ ಗಿರಾಕಿಗೆ ನೋಟಿಸು ಬಂತು, 2011-12ರ ಕಡತ ಬೇಕು. ಮೂರು ಜನ ಎರಡು ದಿನ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದರು. ಸಿಗಲಿಲ್ಲ. ರಜೆಯಲ್ಲಿ ಇರುವವರಿಗೆ ಫೋನು ಮಾಡುವುದು ಬೇಡ ಎಂದು ಮೊದಲು ತಡೆದರು, ಕೊನೆಗೆ ಮಾಡಿದರು. "ಎಡಗಡೆ ಮೂರನೇ ರ‍್ಯಾಕು, ಕೆಳಗಿಂದ ಎರಡನೇ ಸಾಲು, ಹಸಿರು ಟ್ಯಾಗು ನೋಡ್ರಿ." ಅಲ್ಲೇ ಇತ್ತು. ವರ್ಷಕ್ಕೊಂದು ಬಣ್ಣದ ಟ್ಯಾಗು, ಬೀದಿಗೊಂದು ರ‍್ಯಾಕು. ದುರ್ಗದ ಬೈಲಿನ ಅಂಗಡಿಗಳೆಲ್ಲ ಒಂದು ಕಡೆ. ಕಾಕಾ ಗಿರಾಕಿಗಳನ್ನು ಹೆಸರಿನಿಂದ ಅಲ್ಲ, ಅಂಗಡಿ ಇರುವ ಜಾಗದಿಂದ ಜೋಡಿಸಿದ್ದರು. ಏಕೆಂದರೆ ಕಾಗದ ತರಲು ಅವರೇ ನಡೆದು ಹೋಗುತ್ತಿದ್ದದ್ದು. ಆ ಜೋಡಣೆ ಗೊತ್ತಿಲ್ಲದವರು ಅಕಾರಾದಿಯಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ?

ಮತ್ತೊಬ್ಬರು ಬೇರೆ ಕತೆ ಹೇಳಿದರು. ಸಾಹೇಬರ ಮನೆಯಲ್ಲಿ ಕಾಯಿಲೆಯಾದಾಗ ಕಾಕಾ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕುಳಿತಿದ್ದರು, ಔಷಧಿ ತಂದುಕೊಟ್ಟಿದ್ದರು. ಕಣ್ಣಲ್ಲಿ ನೀರು ಬರುವ ಕತೆ. ಪತ್ರಕ್ಕೆ ಇದನ್ನೇ ಹಾಕಿ ಎಂದರು. ನಾನು ಹಾಕಲಿಲ್ಲ. ಅದು ಕಾಕಾ ಮತ್ತು ಸಾಹೇಬರ ನಡುವಿನ ಮಾತು. ಕಚೇರಿಯ ಪತ್ರದಲ್ಲಿ ಬಂದರೆ ಅವರ ಹುದ್ದೆಯಲ್ಲಿ ಮನೆಗೆಲಸವೂ ಸೇರಿತ್ತು ಎಂದು ನಾವೇ ಬರೆದುಕೊಟ್ಟಂತೆ ಆಗುತ್ತದೆ. ಅದೇ ಕಾರಣಕ್ಕೆ, ಹಿಂದೊಮ್ಮೆ ಕಾಕಾ ಅವರ ಮಗನ ಫೀಸಿಗೆ ಆಫೀಸು ಮುಂಗಡ ಕೊಟ್ಟ ವಿಷಯವನ್ನೂ ಬಿಟ್ಟೆ. ಒಬ್ಬರಿಗೆ ಸನ್ಮಾನ ಮಾಡುವ ಕಾಗದದಲ್ಲಿ ಕೊಟ್ಟವರು ತಮ್ಮ ಕೈ ತೋರಿಸಿಕೊಳ್ಳಬಾರದು.

ಇನ್ನು ಹೆಸರು ಮತ್ತು ಸಂಬೋಧನೆ. ಕನ್ನಡದಲ್ಲಿ ಇದು ದೊಡ್ಡ ತಲೆನೋವು. ಇಂಗ್ಲಿಷಿನಲ್ಲಿ ಯೂ ಅಂದರೆ ಮುಗಿಯಿತು. ಇಲ್ಲಿ ಪ್ರತಿ ಕ್ರಿಯಾಪದದ ಬಾಲದಲ್ಲಿ ನೀವು ಎದುರಿನವರನ್ನು ಎಲ್ಲಿ ಕೂರಿಸಿದ್ದೀರಿ ಎಂಬುದು ಕಾಣುತ್ತದೆ. ಸಂಬಳದ ಪಟ್ಟಿಯಲ್ಲಿ ಅವರ ಹುದ್ದೆ "ಪ್ಯೂನ್" ಎಂದಿತ್ತು. ಕೆಲವು ಗಿರಾಕಿಗಳು ಇವತ್ತಿಗೂ "ನಿಮ್ಮ ಆಫೀಸ್ ಬಾಯ್" ಎನ್ನುತ್ತಾರೆ, 52 ವರ್ಷದವರಿಗೆ. ಜವಾನ ಎಂದರೆ ಏಕವಚನ ಅದರೊಳಗೇ ಕುಳಿತಿದೆ, ಜವಾನರು ಎಂದರೂ ಅದು ಏಳುವುದಿಲ್ಲ. ಕೊನೆಗೆ ಪತ್ರದಲ್ಲಿ ಹುದ್ದೆ ಬರೆಯಲೇ ಇಲ್ಲ. ಶ್ರೀ, ತಂದೆಯ ಹೆಸರು ಸೇರಿದ ಪೂರ್ತಿ ಹೆಸರು, ಅವರಿಗೆ. ಸಾಹೇಬರ ಪತ್ರದಲ್ಲೂ ಹಾಗೇ ಇತ್ತು. ಆ ಪೂರ್ತಿ ಹೆಸರನ್ನು ಆಫೀಸಿನ ಅರ್ಧ ಜನ ಮೊದಲ ಸಲ ನೋಡಿದರು. ಕಾಕಾ ಎಂಬುದು ಪ್ರೀತಿಯ ಕರೆ, ಅದು ಬಾಯಲ್ಲಿ ಇರಲಿ ಎಂದುಕೊಂಡೆವು.

ದೊಡ್ಡ ಸಾಹೇಬರು ಕಾಕಾ ಅವರನ್ನು ಏಕವಚನದಲ್ಲಿ ಮಾತಾಡಿಸುತ್ತಾರೆ. ಸೇರಿದಾಗ ಕಾಕಾಗೆ 27 ವರ್ಷ. "ಬಾರೋ, ಕೂಡು, ಊಟಾ ಆತೇನು?" ಅದರಲ್ಲಿ ಕೀಳು ಇಲ್ಲ, ಸಲಿಗೆ ಇದೆ. ಆದರೆ ಅದನ್ನೇ ನೋಡಿ ಕಳೆದ ವರ್ಷ ಬಂದ ಹುಡುಗರೂ "ಕಾಕಾ, ನೀರ ತಾ" ಎನ್ನುತ್ತಾರೆ. ಅಲ್ಲಿ ಸಲಿಗೆ ಇಲ್ಲ, ಬರೀ ಏಕವಚನ. ಪತ್ರಕ್ಕೆ ಸಹಿ ಹಾಕುವವರು ಸಾಹೇಬರು. "ನೀವು" ಎಂದು ಬರೆದರೆ ಹೇಗೆ ಎಂದು ಕಾಕಾ ಅವರನ್ನು ಕೇಳಿದೆ.

"ಸಾಹೇಬ್ರು ನನಗ ನೀವು ಅಂದ್ರ ಯಾರಿಗೋ ಬರದಂಗ ಆಗತೈತ್ರಿ" ಎಂದು ನಕ್ಕರು. ಆ ತಿಂಗಳು ನಾನು ಕಂಡ ಅವರ ಒಂದೇ ನಗು. ಆಮೇಲೆ ತಾವೇ ಯೋಚಿಸಿ ಹೇಳಿದರು: "ಕಾಗದದಾಗ ನೀವು ಇರ್ಲಿ. ಮನ್ಯಾಗ ಓದ್ತಾರ."

ಹಾಗೇ ಮಾಡಿದೆವು. ಕಾಗದ ಕಚೇರಿಯ ಪರವಾಗಿ, ಬಹುವಚನದಲ್ಲಿ. ಸಾಹೇಬರು ಅಂದು ಬಾಯಿಯಲ್ಲಿ ಏನು ಹೇಳುತ್ತಾರೋ ಅದು ಅವರ ರೀತಿಯಲ್ಲಿ.

ಮೂರನೇ ಕರಡನ್ನು ಕಾಕಾ ಅವರಿಗೆ ಮೊದಲೇ ಓದಿಸಿದೆ. ಅಚ್ಚರಿ ಇರಲಿ ಎಂದು ಕೆಲವರು ಹೇಳಿದರು. ಆದರೆ ಎಲ್ಲರ ಮುಂದೆ ಒಬ್ಬರ ಬದುಕಿನ ಬಗ್ಗೆ ಓದುವಾಗ ಅವರಿಗೇ ಅಚ್ಚರಿ ಕೊಡುವುದು ನನಗೆ ಸರಿ ಕಾಣಲಿಲ್ಲ. ಅವರು ಮಾಡಿದ ತಿದ್ದುಪಡಿ ಎರಡು. ನಾನು ಚಹಾದ ಬಗ್ಗೆ ಕೊನೆಯಲ್ಲಿ ಒಂದು ಸಾಲು ಉಳಿಸಿಕೊಂಡಿದ್ದೆ. "ಚಹಾ ಬಿಡ್ರಿ, ಚಹಾ ಯಾರರ ಮಾಡ್ತಾರ" ಎಂದು ಹೊಡೆದು ಹಾಕಿದರು. ಮತ್ತೊಂದು, ಕಡತ ಕಟ್ಟುವುದನ್ನು ತನಗೆ ಕಲಿಸಿದ್ದು ಮೊದಲು ಇಲ್ಲಿದ್ದ ಹಿರಿಯ ಸಹಾಯಕರು, ಅವರ ಹೆಸರು ಬರಬೇಕು ಎಂದರು. ಅವರು ತೀರಿಕೊಂಡು ಬಹಳ ವರ್ಷ ಆಗಿದೆ. ನಾವ್ಯಾರೂ ನೋಡಿಲ್ಲ.

ಕೊನೆಗೆ ನಿಂತ ಪತ್ರ ಇದು. ಹೆಸರುಗಳನ್ನು ಮಾತ್ರ ತೆಗೆದಿದ್ದೇನೆ.

"ಶ್ರೀ ........ ಅವರಿಗೆ,

ನೀವು 12 ಜೂನ್ 2000ರಂದು ಈ ಕಚೇರಿ ಸೇರಿದಿರಿ. ಇವತ್ತಿಗೆ 25 ವರ್ಷ ತುಂಬಿತು.

ಕಡತ ಕಟ್ಟುವ ಕೆಲಸವನ್ನು ನಿಮಗೆ ಶ್ರೀ ........ ಅವರು ಕಲಿಸಿದರು. ಅದನ್ನು ನಿಮ್ಮಿಂದ ಕಲಿತ ಆರು ಜನ ಇವತ್ತು ಇಲ್ಲಿ ಕೆಲಸ ಮಾಡುತ್ತಿದ್ದಾರೆ.

ಐಟಿಆರ್-ವಿ ಅಂಚೆಯಲ್ಲಿ ಹೋಗುತ್ತಿದ್ದ ವರ್ಷಗಳಲ್ಲಿ ನೀವು ಪ್ರತಿ ಹಾಳೆಯ ಸಹಿ ನೋಡಿ ಲಕೋಟೆಗೆ ಹಾಕಿದಿರಿ. 2012ರ ಜಾವಕ ವಹಿಯಲ್ಲಿ ನಿಮ್ಮ ಅಕ್ಷರದಲ್ಲಿ 41 ಕಡೆ 'ಸಹಿ ಇಲ್ಲ' ಎಂದಿದೆ. ಆ 41 ರಿಟರ್ನ್‌ಗಳು ಉಳಿದದ್ದು ನಿಮ್ಮಿಂದ. ಈ ಕೆಲಸವನ್ನು ಯಾರೂ ನಿಮಗೆ ಹೇಳಿರಲಿಲ್ಲ.

ರೆಕಾರ್ಡ್ ರೂಮಿನ ಜೋಡಣೆ ನಿಮ್ಮದು. ಅದು ನಿಮ್ಮ ತಲೆಯಲ್ಲಿ ಮಾತ್ರ ಇರುವುದು ಕಚೇರಿಯ ತಪ್ಪು. ಈ ವರ್ಷ ಅದನ್ನು ನಿಮ್ಮ ಜೊತೆ ಕುಳಿತು ಬರೆದಿಡುತ್ತೇವೆ.

25 ವರ್ಷದ ಕೆಲಸಕ್ಕೆ ಧನ್ಯವಾದ."

ಕೆಳಗೆ ಇಬ್ಬರೂ ಪಾಲುದಾರರ ಸಹಿ.

ಇದಕ್ಕೂ ತಕರಾರು ಬಂತು. 41ರ ಸಾಲು ಹಿರಿಯ ಅಕೌಂಟೆಂಟ್‌ಗೆ ಹಿಡಿಸಲಿಲ್ಲ. ಸಹಿ ಹಾಕಿಸಿಕೊಳ್ಳುವುದು ಅವರ ವಿಭಾಗದ ಕೆಲಸವಾಗಿತ್ತು. ಕಾಕಾ ಅವರನ್ನು ಹೊಗಳುವ ನೆಪದಲ್ಲಿ ನಮ್ಮ ತಪ್ಪನ್ನು ಗೋಡೆಗೆ ಹಾಕುತ್ತಿದ್ದೀರಿ ಎಂದರು. ಮಾತು ಸುಳ್ಳಲ್ಲ. ನಿಜವಾದ ಕೆಲಸ ಬರೆದರೆ ಅದು ಯಾರ ಕೆಲಸದ ಪಕ್ಕದಲ್ಲಿ ನಡೆಯಿತು ಎಂಬುದೂ ಕಾಣುತ್ತದೆ. ಸಂಖ್ಯೆ ತೆಗೆದು "ಎಷ್ಟೋ ಸಲ" ಎಂದು ಬರೆಯೋಣವೇ ಎಂಬ ಮಾತು ಬಂತು. ದೊಡ್ಡ ಸಾಹೇಬರು ವಹಿ ತರಿಸಿ, ತಾವೇ ಪುಟ ತಿರುವಿ ನೋಡಿ, "ಇರ್ಲಿ ಬಿಡ್ರಿ" ಎಂದರು.

ಪತ್ರದ ಜೊತೆ ಏನು ಕೊಡುವುದು ಎಂಬ ಪ್ರಶ್ನೆಯೂ ಇತ್ತು. ಶಾಲು, ಹಾರ, ಫಲತಾಂಬೂಲ ಇದ್ದೇ ಇದೆ. ಸಾಹೇಬರಿಗೆ ಹೊದಿಸಿದ್ದ ಶಾಲು ತಂದ ಅಂಗಡಿಯಿಂದಲೇ ಅಂಥದ್ದೇ ತಂದೆವು. ಸೀರೆ-ಪಂಚೆ, ಮಿಕ್ಸರು ಬೇಡ ಎಂದೆ. ಕಾಕಾ ಅವರಿಗೆ ಬೇಕಿದ್ದದ್ದು ಬೇರೆ ಎಂದು ನನಗೆ ಗೊತ್ತಿತ್ತು. ವರ್ಷಕ್ಕೆ ಒಮ್ಮೆಯಾದರೂ ಬಂದು "ಗ್ರಾಚ್ಯುಟಿ ಎಷ್ಟ ಆಗಿರಬಹುದ್ರಿ ಅಕ್ಕಾರ?" ಎಂದು ಕೇಳುತ್ತಿದ್ದರು. ನಾನು "ನೋಡೋಣ" ಎನ್ನುತ್ತಿದ್ದೆ. ಅದು ಯಾರ ದಯೆಯೂ ಅಲ್ಲ, ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಕಾನೂನಿನ ಲೆಕ್ಕ. ಆಗಿನ ನಿಯಮದಲ್ಲಿ ಕೊನೆಯ ತಿಂಗಳ ಸಂಬಳವನ್ನು, ಅಂದರೆ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಪೂರೈಸಿದ ವರ್ಷಗಳಿಂದ ಗುಣಿಸಬೇಕಿತ್ತು. ಅವರ ಸಂಬಳ ಇಲ್ಲಿ ಬರೆಯುವುದಿಲ್ಲ. ಯಾರಿಗಾದರೂ 18,200 ರೂಪಾಯಿ ಇದೆ ಎಂದುಕೊಳ್ಳಿ. ದಿನಕ್ಕೆ 700, ವರ್ಷಕ್ಕೆ 10,500, 25 ವರ್ಷಕ್ಕೆ 2,62,500. ಕೈಗೆ ಬರುವುದು ಕೆಲಸ ಬಿಡುವಾಗ ಅಥವಾ ನಿವೃತ್ತಿಯಾಗುವಾಗ. ಇವತ್ತಿನವರೆಗಿನ ಈ ಲೆಕ್ಕವನ್ನು ಕಚೇರಿಯ ಹಾಳೆಯಲ್ಲಿ ಬರೆದು, ಸಹಿ ಹಾಕಿಸಿ, ಪತ್ರದ ಹಿಂದೆ ಇಟ್ಟೆ. ಗುಂಪಿನಲ್ಲಿ ಹಾಕಲಿಲ್ಲ, ಓದಲೂ ಇಲ್ಲ.

12ನೇ ತಾರೀಖು ಗುರುವಾರ ಬಂತು. ಒಂದು ವಿಷಯ ನಾನು ಹಿಂದಿನ ರಾತ್ರಿ ಮಾತ್ರ ಯೋಚಿಸಿದೆ. ಸಾಹೇಬರ ಕಾರ್ಯಕ್ರಮಕ್ಕೆ ಕುರ್ಚಿ ಹಾಕಿದ್ದು, ಹಾರ ತಂದದ್ದು, ಚಹಾ-ಮಿರ್ಚಿ ಹಂಚಿದ್ದು ಕಾಕಾ. ನಾಳೆ ಯಾರು? ಯಾರೂ ಹೇಳದಿದ್ದರೆ ಕಾಕಾ ತಮ್ಮ ಸನ್ಮಾನಕ್ಕೆ ತಾವೇ ಕುರ್ಚಿ ಹಾಕುತ್ತಾರೆ. ಬೆಳಗ್ಗೆ ಬೇಗ ಬಂದು ಹುಡುಗರ ಕೈಲಿ ಕುರ್ಚಿ ಹಾಕಿಸಿದೆ, ಚಹಾ-ಮಿರ್ಚಿ ಪಕ್ಕದ ಖಾನಾವಳಿಗೆ ಹೇಳಿದೆ. ಫೋಟೋದಲ್ಲಿ ಕಾಕಾ ನಡುವೆ ಕುಳಿತರು, ಸಾಹೇಬರು ಪಕ್ಕದಲ್ಲಿ. ಪತ್ರ ಓದಿದ್ದು ಚಿಕ್ಕ ಸಾಹೇಬರು. ಆ ಹಿರಿಯ ಸಹಾಯಕರ ಹೆಸರು ಬಂದಾಗ ಕಾಕಾ ತಲೆ ತಗ್ಗಿಸಿದರು. 41ಕ್ಕೆ ಹುಡುಗರು ಚಪ್ಪಾಳೆ ತಟ್ಟಿದರು. ದೊಡ್ಡ ಸಾಹೇಬರು ಎರಡೇ ಮಾತು ಆಡಿದರು, ಏಕವಚನದಲ್ಲಿ. ಮುಗಿದ ಮೇಲೆ ಕಾಕಾ ಅಭ್ಯಾಸಬಲದಿಂದ ಎದ್ದು ಖಾಲಿ ಲೋಟ ಕೂಡಿಸತೊಡಗಿದರು. "ಕಾಕಾ ಕೂಡ್ರಿ, ಇವತ್ತ ನೀವು ಮುಟ್ಟಬ್ಯಾಡ್ರಿ" ಎಂದು ಯಾರೋ ಜೋರಾಗಿ ಕೂಗಿದರು, ಎಲ್ಲರೂ ತಿರುಗಿ ನೋಡಿದರು. ಅದು ಬೇಡವಾಗಿತ್ತು. ಧಾರವಾಡದ ಹುಡುಗಿ ಮಾತಾಡದೆ ಹೋಗಿ ಅವರ ಜೊತೆ ತಾನೂ ಲೋಟ ಎತ್ತಿದಳು.

ವಾಟ್ಸಾಪ್ ಗುಂಪಿನಲ್ಲಿ ಮಾತ್ರ ನನ್ನ ಕೈ ನಡೆಯಲಿಲ್ಲ. ಪತ್ರದ ಕೆಳಗೆ ಕೈಮುಗಿಯುವ ಚಿತ್ರಗಳು, ಬಂಗಾರದಂಥ ಮನುಷ್ಯ, ಇಂಥ ನಂಬಿಗಸ್ತರು ಸಿಗುವುದಿಲ್ಲ. ನಾನು ತೆಗೆದ ಮಾತೆಲ್ಲ ಒಂದೊಂದಾಗಿ ವಾಪಸ್ ಬಂತು. ಬರೆದವರೆಲ್ಲ ಪ್ರೀತಿಯಿಂದಲೇ ಬರೆದಿದ್ದರು, ಸುಮ್ಮನಿದ್ದೆ.

ಸಂಜೆ ಆಫೀಸು ಮುಚ್ಚುವ ಹೊತ್ತಿಗೆ ಕಾಕಾ ನನ್ನ ಮೇಜಿನ ಹತ್ತಿರ ಬಂದರು. ಫ್ರೇಮಿನದು ಮನೆಗೆ, ಜೊತೆಗೆ ಕೊಟ್ಟ ಪ್ರತಿ ಕಡತಕ್ಕೆ ಎಂದರು. ಪತ್ರದ ಪ್ರತಿ ಮತ್ತು ಗ್ರಾಚ್ಯುಟಿ ಹಾಳೆ ಎರಡನ್ನೂ ಸೇರಿಸಿ ನಾನು ಸ್ಟೇಪ್ಲರ್ ಹೊಡೆದು ಕೊಟ್ಟಿದ್ದೆ. ಅವರು ಹಾಳೆಯನ್ನು ನನ್ನ ಮುಂದೆಯೇ ಮೇಜಿನ ಮೇಲಿಟ್ಟು, ಉಗುರಿನಿಂದ ಪಿನ್ನು ಬಿಡಿಸಿ, ಕಸದ ಬುಟ್ಟಿಗೆ ಹಾಕಿದರು.

"ಪಿನ್ನ ತುಕ್ಕ ಹಿಡಿತೈತ್ರಿ ಅಕ್ಕಾರ, ಕಾಗದ ತಿಂತೈತಿ" ಎಂದು, ಕಿಸೆಯಿಂದ ಒಂದು ಟ್ಯಾಗು ತೆಗೆದು ಪೋಣಿಸಿಕೊಂಡು ರೆಕಾರ್ಡ್ ರೂಮಿನ ಕಡೆ ಹೋದರು.